ನಾಲ್ಕನೆಯವರ ಹೆಸರು ಗೊತ್ತಿಲ್ಲ: ಹಳೇ ಗ್ರೂಪ್ ಫೋಟೊಗೆ ಅಡಿಬರಹ ಬರೆಯುವುದು ಹೇಗೆ?

ಪ್ರಶ್ನೆ: ನಮ್ಮೂರು ಜಗಳೂರು ತಾಲ್ಲೂಕಿನಲ್ಲಿದೆ. ಊರಿನ ಸರ್ಕಾರಿ ಶಾಲೆಯ ಸ್ಮರಣ ಸಂಚಿಕೆಗೆ 1971ರ ಒಂದು ಗ್ರೂಪ್ ಫೋಟೊ ಸಿಕ್ಕಿದೆ. ಒಟ್ಟು 20 ಜನ ಇದ್ದಾರೆ. 14 ಜನರ ಹೆಸರು ಖಚಿತ. ಮೂವರ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಇನ್ನು ಮೂವರ ಹೆಸರು ಯಾರಿಗೂ ಗೊತ್ತಿಲ್ಲ. ಅವರಲ್ಲಿ ಒಬ್ಬರನ್ನು ಊರವರು ಕಾಲಿನ ಊನ ಹಿಡಿದು ಅಡ್ಡಹೆಸರಲ್ಲೇ ಕರೀತಿದ್ರಂತೆ. ‘ಗೊತ್ತಿರೋರ ಹೆಸರು ಹಾಕಿ, ಕೊನೆಗೆ ಮತ್ತಿತರರು ಅಂತ ಬರೆದು ಮುಗಿಸಿ’ ಅಂತಾರೆ ಸಮಿತಿಯವರು. ನನಗೆ ಮನಸ್ಸು ಒಪ್ತಿಲ್ಲ. ಏನು ಬರೆಯಲಿ?

— ನಿವೃತ್ತ ಶಿಕ್ಷಕರು, ಜಗಳೂರು ತಾಲ್ಲೂಕು

ಉತ್ತರ: ಮೇಷ್ಟ್ರೇ, ‘ಮತ್ತಿತರರು’ ಅನ್ನುವುದು ಸಭೆಯ ವರದಿಗೆ ಸಲ್ಲುವ ಪದ. ವೇದಿಕೆ ಮೇಲೆ ಹದಿನೈದು ಜನ ಇರ್ತಾರೆ, ಪತ್ರಿಕೆಯಲ್ಲಿ ಜಾಗ ಇರುವುದಿಲ್ಲ, ‘ಮತ್ತಿತರರು ಇದ್ದರು’ ಅಂತ ಬರೆದು ಕೈ ತೊಳೆದುಕೊಳ್ಳುತ್ತೇವೆ. ನಾನೂ ಡೆಸ್ಕಿನಲ್ಲಿ ಕೂತು ಅದನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕ ಇಲ್ಲ. ವರದಿಯಲ್ಲಿ ಬಿಟ್ಟುಹೋದವರು ಓದುವವರ ಕಣ್ಣಿಗೆ ಬೀಳುವುದಿಲ್ಲ. ಫೋಟೊದಲ್ಲಿ ಹಾಗಲ್ಲ. ಅವರು ಅಲ್ಲೇ ನಿಂತು ನಮ್ಮನ್ನೇ ನೋಡ್ತಾ ಇರ್ತಾರೆ.

ನಿಮ್ಮ ಸಮಿತಿಯವರು ಹಾಗೆ ಬರೆದರೆ ತಪ್ಪಾಗುವ ಭಯ ಇಲ್ಲ ಅಂದುಕೊಂಡಿದ್ದಾರೆ. ನಿಜವಾಗಿ ತಪ್ಪು ನುಗ್ಗುವುದೇ ಅಲ್ಲಿಂದ. ನೀವು ಕಳಿಸಿದ ಸ್ಕ್ಯಾನ್‌ನಲ್ಲಿ ನೆಲದ ಮೇಲೆ ಆರು ಮಕ್ಕಳು ಕೂತಿದ್ದಾರೆ. ಎಡದಿಂದ ನಾಲ್ಕನೆಯ ಹುಡುಗಿಯ ಹೆಸರು ಗೊತ್ತಿಲ್ಲ. ಸಮಿತಿಯವರು ಹೇಳಿದಂತೆ ಬರೆದರೆ ಆರು ಮುಖಕ್ಕೆ ಐದು ಹೆಸರು ಆಗುತ್ತದೆ. ಓದುವವರು ಬೆರಳಿಟ್ಟು ಎಣಿಸುತ್ತಾರೆ: ಒಂದು, ಎರಡು, ಮೂರು ಸರಿ. ನಾಲ್ಕಕ್ಕೆ ಬಂದಾಗ ಐದನೆಯ ಹುಡುಗನ ಹೆಸರು ಹೋಗಿ ಈ ಹುಡುಗಿಯ ಮುಖಕ್ಕೆ ಕೂರುತ್ತದೆ. ಆರನೆಯವರ ಹೆಸರು ಐದನೆಯವರಿಗೆ. ಆರನೆಯವರು ‘ಮತ್ತಿತರರು’. ಒಬ್ಬರ ಹೆಸರು ಗೊತ್ತಿಲ್ಲದ್ದಕ್ಕೆ ಮೂವರು ಕೆಟ್ಟರು. ಹುಡುಗ ಹುಡುಗಿ ಅದಲುಬದಲಾದರೆ ಯಾರಾದರೂ ಕಂಡುಹಿಡಿದಾರು. ಹಿಂದಿನ ಸಾಲಿನಲ್ಲಿರುವ ಎಂಟೂ ಮಕ್ಕಳು ಹುಡುಗರೇ. ಅಲ್ಲಿ ಜಾರಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಈ ತಪ್ಪನ್ನು ನಾನೇ ಮಾಡಿದ್ದೇನೆ, ಅದಕ್ಕೇ ಇಷ್ಟು ಜೋರಾಗಿ ಹೇಳ್ತಿದ್ದೇನೆ. ವರ್ಷಗಳ ಹಿಂದೆ ದಾವಣಗೆರೆಯಲ್ಲಿ ಹತ್ತಿ ಗಿರಣಿ ಕೆಲಸಗಾರರ ಒಂದು ಹಳೇ ಫೋಟೊವನ್ನು ಒಂದು ಸಂಚಿಕೆಗೆ ಹಾಕಿದ್ದೆ. ನಿಂತವರ ಸಾಲಿನಲ್ಲಿ ಒಬ್ಬರ ಹೆಸರು ಸಿಗಲಿಲ್ಲ. ಬಿಟ್ಟು ಮುಂದಕ್ಕೆ ಹೋದೆ. ಪುಸ್ತಕ ಬಿಡುಗಡೆಯಾಗಿ ವಾರದ ಮೇಲೆ ಒಬ್ಬ ಅಜ್ಜಿ ಮೊಮ್ಮಗನ ಜೊತೆ ಬಂದರು. ಬಟ್ಟೆ ಚೀಲದಿಂದ ಪುಸ್ತಕ ತೆಗೆದು ಮೇಜಿನ ಮೇಲೆ ಬಿಚ್ಚಿಟ್ಟರು. ಅವರಿಗೆ ಓದಲು ಬರುತ್ತಿರಲಿಲ್ಲ. ಮೊಮ್ಮಗ ಅಜ್ಜನ ಹೆಸರಿನ ಮೇಲೆ ಬೆರಳಿಟ್ಟ, ಆಮೇಲೆ ಎಣಿಸಿ ಒಂದು ಮುಖದ ಮೇಲೆ ಇಟ್ಟ. ಅಜ್ಜಿ ಅವನ ಬೆರಳನ್ನು ಹಿಡಿದು ಪಕ್ಕದ ಮುಖಕ್ಕೆ ಸರಿಸಿದರು. ‘ಇವ್ರು ನಮ್ಮನೆಯವ್ರು. ಅವ್ರು ಯಾರೋ’ ಅಂದರು. ಬೈಯಲಿಲ್ಲ. ಅಚ್ಚಾದ ಪುಸ್ತಕ, ನಾನೇನು ಮಾಡಲು ಬರುತ್ತಿತ್ತು? ಉಳಿದ ಪ್ರತಿಗಳಿಗೆ ಒಂದು ಒಪ್ಪೋಲೆ ಅಂಟಿಸಿದೆವು. ಹಂಚಿಹೋದ ಪ್ರತಿಗಳಲ್ಲಿ ಆ ತಪ್ಪು ಈಗಲೂ ಇದೆ.

ಆದ್ದರಿಂದ ನನ್ನ ಮೊದಲ ಮಾತು ಇಷ್ಟೇ. ಹೆಸರು ಗೊತ್ತಿಲ್ಲದವರಿಗೂ ಸಾಲಿನಲ್ಲಿ ಅವರ ಜಾಗ ಕೊಡಿ. ಅವರ ಸರದಿ ಬಂದಾಗ ಅಲ್ಲೇ ‘ಹೆಸರು ತಿಳಿದುಬಂದಿಲ್ಲ’ ಅಂತ ಬರೆಯಿರಿ. ಕೊನೆಗೆ ಗುಡ್ಡೆ ಹಾಕಬೇಡಿ.

ಇದಕ್ಕೆ ಒಂದು ಹಳೇ ಉಪಾಯ ಇದೆ. ಫೋಟೊವನ್ನು ಎ4 ಅಳತೆಗೆ ಪ್ರಿಂಟ್ ತೆಗೆಸಿ. ಮೇಲೆ ಬಟರ್ ಪೇಪರ್ ಇಟ್ಟು ಪೆನ್ಸಿಲ್‌ನಿಂದ ತಲೆ ಮತ್ತು ಭುಜದ ಗೆರೆಯನ್ನಷ್ಟೇ ಎಳೆಯಿರಿ. ಪ್ರತಿ ತಲೆಯೊಳಗೆ 1ರಿಂದ 20ರವರೆಗೆ ನಂಬರ್ ಹಾಕಿ. ಸ್ಕ್ಯಾನ್ ಮಾತ್ರ ಚೆನ್ನಾಗಿರಲಿ: ಪೋಸ್ಟ್‌ಕಾರ್ಡ್‌ನಷ್ಟು ದೊಡ್ಡ ಫೋಟೊ ಆದರೆ 600 ಡಿಪಿಐ ಸಾಕು, ಅದಕ್ಕಿಂತ ಚಿಕ್ಕದಾದರೆ 1200 ಇಡಿ. ಮೊಬೈಲಿನಲ್ಲಿ ಫೋಟೊಗೆ ಫೋಟೊ ತೆಗೆದರೆ ಅಂಚಿನ ಮುಖಗಳು ಎಳೆದಂತೆ ಆಗುತ್ತವೆ. ನಿಮ್ಮ ಫೋಟೊದಲ್ಲಿ ನಮಗೆ ತುಂಬ ಬೇಕಾದವರು ಅಂಚಿನಲ್ಲೇ ಇದ್ದಾರೆ.

ನಂಬರ್ ಹಾಕುವ ಮೊದಲು ಎಡ ಬಲ ನೋಡಿಕೊಳ್ಳಿ. ನೆಗೆಟಿವ್ ತಿರುವುಮುರುವಾಗಿ ಪ್ರಿಂಟ್ ಆಗಿದ್ದರೆ ಇಡೀ ಸಾಲೇ ಉಲ್ಟಾ. ಬರಹ ಇದ್ದರೆ ಕೂಡಲೇ ಗೊತ್ತಾಗುತ್ತದೆ. ಇಲ್ಲದಿದ್ದರೆ ಗಂಡಸರ ಅಂಗಿಯ ಜೇಬು ನೋಡಿ. ಒಂದೇ ಜೇಬಿದ್ದರೆ ಅದು ಸಾಮಾನ್ಯವಾಗಿ ತೊಟ್ಟವರ ಎಡ ಎದೆಯ ಮೇಲಿರುತ್ತದೆ, ಅಂದರೆ ಫೋಟೊದಲ್ಲಿ ನಮಗೆ ಬಲಗಡೆ ಕಾಣಬೇಕು. ನಿಮ್ಮದರಲ್ಲಿ ಮುಂದಿನ ಸಾಲಿನ ಮಗು ಹಿಡಿದ ಸ್ಲೇಟಿನ ಮೇಲೆ ‘7ನೇ ತರಗತಿ 1970–71’ ಅಂತ ಸೀದಾ ಓದಲು ಬರುತ್ತದೆ. ಫೋಟೊ ಸರಿಯಾಗಿದೆ. ಜೊತೆಗೆ ಇಸವಿಯ ತಕರಾರೂ ಮುಗಿಯಿತು. ನೀವು 1971 ಅಂದಿರಿ, ಸ್ಲೇಟು ಶೈಕ್ಷಣಿಕ ವರ್ಷ ಹೇಳುತ್ತದೆ. ಸ್ಲೇಟಿನಲ್ಲಿ ಇರುವಂತೆಯೇ ಬರೆಯಿರಿ.

ಈಗ ಜನರನ್ನು ಕೇಳುವ ವಿಷಯ. ನೀವು ಕಟ್ಟೆಯ ಮೇಲೆ ಎಲ್ಲ ಹಿರಿಯರನ್ನೂ ಒಟ್ಟಿಗೆ ಕೂರಿಸಿ ಫೋಟೊ ತೋರಿಸಿದೆ ಅಂದಿರಿ. ಹತ್ತರಲ್ಲಿ ಎಂಟು ಜನ ಮಾಡುವುದೇ ಹಾಗೆ. ಆದರೆ ಅಲ್ಲಿ ಮೊದಲು ಬಾಯಿಬಿಟ್ಟವರ ಮಾತೇ ಎಲ್ಲರ ನೆನಪಾಗಿಬಿಡುತ್ತದೆ. ಗೌಡರು ‘ಇವನು ಆ ಮನೆ ಹುಡುಗ ಕಣ್ರೋ’ ಅಂದ ಮೇಲೆ ಉಳಿದವರು ‘ಹೌದೌದು’ ಅಂತಾರೆ. ಯಾರೂ ಸುಳ್ಳು ಹೇಳ್ತಿಲ್ಲ. ಆ ಕ್ಷಣದಿಂದ ಅವರಿಗೆ ನಿಜವಾಗಿಯೂ ಹಾಗೇ ಕಾಣಿಸತೊಡಗುತ್ತದೆ. ಹತ್ತು ಜನ ತಲೆಯಾಡಿಸಿದ್ದು ಹತ್ತು ಸಾಕ್ಷಿ ಅಲ್ಲ, ಒಂದೇ ಸಾಕ್ಷಿ.

ಒಬ್ಬೊಬ್ಬರ ಮನೆಗೇ ಹೋಗಿ. ನಂಬರ್ ಮಾತ್ರ ಇರುವ ಪ್ರಿಂಟ್ ಕೊಡಿ, ಹೆಸರು ಇರಬಾರದು. ‘ಇದು ಇವರಾ?’ ಅಂತ ಕೇಳಬೇಡಿ. ‘ಇದರಲ್ಲಿ ಯಾರ‍್ಯಾರು ಗೊತ್ತು?’ ಅಂತ ಕೇಳಿ ಸುಮ್ನೆ ಕೂತುಕೊಳ್ಳಿ. ಹೇಳಿದ ಮೇಲೆ ‘ಹೇಗೆ ಗುರುತು ಸಿಕ್ತು?’ ಅಂತ ಇನ್ನೊಂದು ಪ್ರಶ್ನೆ. ‘ನನ್ನ ಪಕ್ಕದಲ್ಲೇ ಕೂರ್ತಿದ್ದ, ಹುಬ್ಬಿನ ಮೇಲೆ ಗಾಯದ ಕಲೆ ಇತ್ತು’ ಅಂದರೆ ಅದಕ್ಕೆ ತೂಕ ಜಾಸ್ತಿ. ‘ಹಂಗೇ ಅನ್ಸುತ್ತೆ’ ಅಂದರೆ ಕಡಿಮೆ. ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ: ಯಾರು ಹೇಳಿದರು, ಯಾವ ದಿನ, ಹೇಗೆ ಗೊತ್ತಂತೆ. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳದೆ ಇಬ್ಬರು ಒಂದೇ ಹೆಸರು ಹೇಳಿ, ಅವರಲ್ಲಿ ಒಬ್ಬರಾದರೂ ಆ ವ್ಯಕ್ತಿಯನ್ನು ಆ ಕಾಲದಲ್ಲಿ ಕಂಡವರಾಗಿದ್ದರೆ ನಾನು ‘ಖಚಿತ’ ಅಂತ ಹಾಕುತ್ತೇನೆ. ಇದು ಎಲ್ಲೋ ಬರೆದ ನಿಯಮ ಅಲ್ಲ, ನನ್ನ ಅಳತೆ.

ಕಟ್ಟೆ ಮೇಲೆ ಆದದ್ದು ಆಗಿಹೋಯಿತು. ಆ ದಿನ ಬಾರದಿದ್ದವರನ್ನು ಹುಡುಕಿ. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳನ್ನು ಇಂಥ ಕೆಲಸದಲ್ಲಿ ಯಾರೂ ಕೇಳುವುದಿಲ್ಲ. ನನ್ನ ಅನುಭವದಲ್ಲಿ ಜೊತೆಗಾರ್ತಿಯರ ಹೆಸರು, ಮನೆ, ಜಡೆಗೆ ಕಟ್ಟುತ್ತಿದ್ದ ಟೇಪಿನ ಬಣ್ಣ ಸಮೇತ ನೆನಪಿಟ್ಟುಕೊಂಡವರು ಅವರೇ.

ಇನ್ನು ನಿಮ್ಮ ಮೂವರು ಅನುಮಾನದವರು. ಫೋನಿನಲ್ಲಿ ಮಾತಾಡಿದಾಗ ಶಾಲೆಯ ದಾಖಲಾತಿ ಪುಸ್ತಕ ತೆಗೆದು ನೋಡಿ ಅಂದಿದ್ದೆ. ನೀವು ನೋಡಿ ತಿಳಿಸಿದಿರಿ. ಆ ಪುಸ್ತಕ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅನ್ನುವುದು ಇಲ್ಲಿ ಬಹಳ ಮುಖ್ಯ.

ನಂಬರ್ 18, ಹಿಂದಿನ ಸಾಲಿನ ಹುಡುಗ. ಒಂದು ಮನೆಯ ಅಣ್ಣ ಅಂತ ಕೆಲವರು, ತಮ್ಮ ಅಂತ ಕೆಲವರು. ಆ ಮನೆಯ ಹುಡುಗ ಅನ್ನುವುದರಲ್ಲಿ ಮಾತ್ರ ಎಲ್ಲರೂ ಒಂದೇ, ಬೇರೆ ಬೇರೆಯಾಗಿ ಕೇಳಿದರೂ ಒಂದೇ. ದಾಖಲಾತಿ ಪುಸ್ತಕದ ಪ್ರಕಾರ ಅಣ್ಣ 1969ರಲ್ಲೇ ಟಿ.ಸಿ. ತೆಗೆದುಕೊಂಡು ಹೋಗಿದ್ದಾನೆ, ತಮ್ಮ 1971ರಲ್ಲಿ. ಸ್ಲೇಟು 1970–71 ಅನ್ನುತ್ತದೆ. ಇಲ್ಲಿ ಮೂರು ಸಾಕ್ಷಿ ಒಂದೇ ಕಡೆ ಕೈ ತೋರಿಸುತ್ತಿವೆ. ತಮ್ಮನ ಹೆಸರನ್ನು ಧೈರ್ಯವಾಗಿ ಹಾಕಿ, ‘ಬಹುಶಃ’ ಬೇಡ.

ಅದೇ ಧೈರ್ಯದಲ್ಲಿ ನೀವು ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದೀರಿ. ಆ ವರ್ಷ 7ನೇ ತರಗತಿ ಮುಗಿಸಿ ಟಿ.ಸಿ. ಪಡೆದವರು 15 ಮಕ್ಕಳು. ಫೋಟೊದಲ್ಲಿ ಗುರುತು ಸಿಕ್ಕವರು 12. ಉಳಿದದ್ದು ಮೂರು ಹೆಸರು, ಒಬ್ಬ ಹುಡುಗಿ ಮತ್ತು ಇಬ್ಬರು ಹುಡುಗರು. ‘ಹಾಗಾದರೆ ನಂಬರ್ 4 ಆ ಹುಡುಗಿಯೇ ಅಲ್ವಾ ಸಾರ್?’ ಅಂತ ಕೇಳಿದಿರಿ. ಅಲ್ಲ ಮೇಷ್ಟ್ರೇ, ಅಷ್ಟು ಬೇಗ ಅಲ್ಲ. ರಿಜಿಸ್ಟರ್ ಹೇಳುವುದು ಶಾಲೆಯಲ್ಲಿ ಯಾರಿದ್ದರು ಅಂತ. ಆ ದಿನ ಕ್ಯಾಮೆರಾ ಮುಂದೆ ಯಾರು ಕೂತಿದ್ದರು ಅನ್ನುವುದು ಅದಕ್ಕೆ ಗೊತ್ತಿಲ್ಲ. ಆ ಹುಡುಗಿಗೆ ಅವತ್ತು ಜ್ವರ ಬಂದಿರಬಹುದು. ಶೇಂಗಾ ಕೀಳಲು ಹೊಲಕ್ಕೆ ಹೋಗಿರಬಹುದು. ಸ್ಕ್ಯಾನ್ ದೊಡ್ಡದು ಮಾಡಿ ನೋಡಿ: ನಂಬರ್ 4ರ ಹುಡುಗಿ ಪಕ್ಕದವರಿಗಿಂತ ಸಣ್ಣವಳು, ಎರಡು ಮೂರು ವರ್ಷ ಚಿಕ್ಕವಳಂತೆ ಕಾಣುತ್ತಾಳೆ. ಅಕ್ಕನ ಜೊತೆ ಬಂದ ತಂಗಿ ಇರಬಹುದು. ಫೋಟೊ ತೆಗೀತಾರೆ ಅಂದರೆ ನಮ್ಮ ಊರುಗಳಲ್ಲಿ ಒಂದೆರಡು ಹೆಚ್ಚಿನ ಮಕ್ಕಳು ಬಂದು ಕೂರುವುದು ಇದ್ದದ್ದೇ.

ಲೆಕ್ಕದಲ್ಲಿ ಉಳಿದ ಹೆಸರು ಹುಡುಕಲು ಒಂದು ಸುಳಿವು. ಆ ಹೆಸರಿನವರನ್ನೋ ಅವರ ಮನೆಯವರನ್ನೋ ಹುಡುಕಿ ಫೋಟೊ ತೋರಿಸಿ. ಆಗಲೂ ‘ನಾಲ್ಕನೆಯವರು ನೀವಾ?’ ಅನ್ನಬೇಡಿ. ಅವರೇ ತಮ್ಮ ಮುಖದ ಮೇಲೆ ಬೆರಳಿಟ್ಟರೆ ಹೆಸರು ಹಾಕಿ. ಇಲ್ಲವಾದರೆ ಬೇಡ. ಹೆಸರು ಗೊತ್ತಿಲ್ಲದ ಇನ್ನೊಬ್ಬ, ನಂಬರ್ 15ರ ಹುಡುಗನಿಗಂತೂ ಎರಡು ಹೆಸರು ಉಳಿದಿವೆ, ಒಂದು ಮುಖ. ಅಲ್ಲಿ ಆರಿಸಿದರೆ ಚೀಟಿ ಎತ್ತಿದ ಹಾಗೆ.

ನಂಬರ್ 11, ಕುರ್ಚಿಯ ಸಾಲಿನ ಕೊನೆಯ ಟೀಚರಮ್ಮ. ಇಬ್ಬರು ಬೇರೆ ಬೇರೆಯಾಗಿ ಒಂದೇ ಹೆಸರು ಹೇಳಿದ್ದಾರೆ. ನನ್ನ ಅಳತೆಯ ಪ್ರಕಾರ ಅಷ್ಟೇ ಸಾಕಿತ್ತು. ಆದರೆ ಇಬ್ಬರೂ ಆಗ ಎರಡನೇ ಕ್ಲಾಸಿನಲ್ಲಿದ್ದವರು, ಟೀಚರಮ್ಮ ಈ ಊರಲ್ಲಿ ಇದ್ದದ್ದು ಒಂದೇ ವರ್ಷ. ಶಾಲೆಯಲ್ಲಿ ಆ ಕಾಲದ ಸಂಬಳದ ಪುಸ್ತಕವೂ ಇಲ್ಲ. ಇಲ್ಲಿ ‘ಬಹುಶಃ’ ಸರಿಯಾದ ಪದ. ಹೆಸರಿನ ಹಿಂದೆ ಪ್ರಶ್ನಾರ್ಥಕ ಚಿಹ್ನೆ ಹಾಕುವ ಅಭ್ಯಾಸ ಕೆಲವರಿಗಿದೆ. ನನಗೆ ಅದು ಹಿಡಿಸುವುದಿಲ್ಲ. ಹೆಸರಿನ ಪಕ್ಕ ಪ್ರಶ್ನೆ ಕಂಡರೆ ನಮ್ಮ ಓದುಗರಿಗೆ ಆ ಮನುಷ್ಯರ ಮೇಲೇ ಅನುಮಾನ ಬಂದಂತೆ, ಇಲ್ಲವೇ ಗೇಲಿ ಮಾಡಿದಂತೆ ಕಾಣುತ್ತದೆ. ‘ಬಹುಶಃ’ ಹೆಸರಿನ ಮುಂಚೆ ಬರಲಿ. ಆಗ ಓದುವವರು ಎಚ್ಚರವಾಗಿಯೇ ಹೆಸರಿಗೆ ಬರುತ್ತಾರೆ.

ನಂಬರ್ 10 ಕಷ್ಟದ್ದು. ರುಮಾಲು ಸುತ್ತಿ ಮುಖ್ಯ ಶಿಕ್ಷಕರ ಪಕ್ಕ ಕೂತವರು. ಶಾಲೆಗೆ ಜಾಗ ಕೊಟ್ಟ ಮನೆತನದ ಹಿರಿಯರು ಅಂತ ಒಂದು ಕಡೆಯವರು, ಆಗಿನ ಪಂಚಾಯ್ತಿ ಚೇರ್ಮನ್ ಅಂತ ಇನ್ನೊಂದು ಕಡೆಯವರು. ಮೊದಲನೆಯ ಮಾತು ಹೇಳಿದ ಮೊಮ್ಮಗ ಆ ಫೋಟೊ ತೆಗೆದಾಗ ಹುಟ್ಟಿರಲಿಲ್ಲ, ಮತ್ತು ಸಂಚಿಕೆಯ ಬಣ್ಣದ ಪುಟಗಳ ಖರ್ಚು ಅವರದೇ ಅಂತ ನೀವೇ ಮೆಲ್ಲಗೆ ಹೇಳಿದಿರಿ. ಅವರು ಬೇಕಂತ ಹೇಳ್ತಿದ್ದಾರೆ ಅನ್ನುವುದು ನನ್ನ ಮಾತಲ್ಲ. ಮನೆಯ ಗೋಡೆ ಮೇಲಿನ ಅಜ್ಜನ ಫೋಟೊ ನೋಡಿ ಬೆಳೆದವರಿಗೆ ರುಮಾಲು ಕಂಡ ಕಡೆಯೆಲ್ಲ ಅಜ್ಜನೇ ಕಾಣುತ್ತಾರೆ.

ಇಲ್ಲಿ ನಿಮಗೆ ಮೂರು ದಾರಿ. ಒಬ್ಬರ ಹೆಸರು ಹಾಕಬಹುದು. ತಪ್ಪಾದರೆ ಇನ್ನೊಂದು ಮನೆಯವರು ಸಂಚಿಕೆ ಇರುವಷ್ಟು ದಿನ ನೊಂದುಕೊಳ್ಳುತ್ತಾರೆ, ಹಣ ಕೊಟ್ಟದ್ದಕ್ಕೆ ಹಾಕಿದರು ಅನ್ನುವ ಮಾತೂ ಬರುತ್ತದೆ. ಎರಡೂ ಹೆಸರು ಹಾಕಿ ‘ಅಥವಾ’ ಅನ್ನಬಹುದು. ಗ್ರಂಥಾಲಯದ ದಾಖಲೆಗೆ ಇದು ಒಳ್ಳೆಯ ಕ್ರಮವೇ. ಆದರೆ ಊರಿನ ಸಂಚಿಕೆಯಲ್ಲಿ ಎರಡು ಮನೆತನವನ್ನು ಒಂದು ಮುಖಕ್ಕೆ ಪೈಪೋಟಿಗೆ ನಿಲ್ಲಿಸಿದಂತೆ ಆಗುತ್ತದೆ, ಬಿಡುಗಡೆ ದಿನವೇ ಅದೊಂದೇ ಮಾತಾಗುತ್ತದೆ. ನಾನಾದರೆ ಮೂರನೆಯದನ್ನು ಹಿಡಿಯುತ್ತೇನೆ: ‘ರುಮಾಲು ಸುತ್ತಿದ ಹಿರಿಯರು, ಹೆಸರು ಖಚಿತವಾಗಿಲ್ಲ’. ಎರಡೂ ಹೆಸರು, ಹೇಳಿದವರ ವಿವರದ ಜೊತೆ, ನಿಮ್ಮ ನೋಟ್‌ಬುಕ್ಕಿನಲ್ಲಿರಲಿ. ಆ ನೋಟ್‌ಬುಕ್ ಶಾಲೆಯ ಬೀರುವಿನಲ್ಲಿರಲಿ. ಜಾಗ ಕೊಟ್ಟವರನ್ನು ನೆನೆಯಬೇಕಾದರೆ ಅದಕ್ಕೆ ಬೇರೆ ಪುಟವೇ ಇದೆ. ಅಲ್ಲಿ ಅವರ ಮನೆಯಲ್ಲಿರುವ ಫೋಟೊವನ್ನೇ ಹಾಕಿ. ಇಂಥ ಜಗಳ ಬಂದಾಗ ಇದು ಬಹುತೇಕ ಕೆಲಸ ಮಾಡುತ್ತದೆ.

ಈಗ ಪದಗಳ ವಿಚಾರ. ನೀವು ಕಳಿಸಿದ ಕರಡಿನಲ್ಲಿ ‘ಅಪರಿಚಿತ ವ್ಯಕ್ತಿ’ ಅಂತಿದೆ. ಆ ಪದವನ್ನು ನಾವು ಪತ್ರಿಕೆಯಲ್ಲಿ ಎಲ್ಲಿ ಓದ್ತೇವೆ? ‘ಹಳಿಯ ಪಕ್ಕ ಅಪರಿಚಿತ ವ್ಯಕ್ತಿಯ ಶವ’, ‘ಅಪರಿಚಿತರಿಂದ ಸರ ಅಪಹರಣ’. ‘ಅನಾಮಧೇಯ’ ಅಂದ ಕೂಡಲೇ ಮೂಕರ್ಜಿ ನೆನಪಾಗುತ್ತದೆ. ಅರ್ಥ ಸರಿ ಇದ್ದರೂ ಪದದ ಬೆನ್ನಿಗೆ ಪೊಲೀಸ್ ಸ್ಟೇಷನ್ ಬರುತ್ತದೆ. ಅವರಿಗೆ ಹೆಸರಿತ್ತು, ನಮಗೆ ತಿಳಿಯಲಿಲ್ಲ, ಕೊರತೆ ನಮ್ಮದು ಅಂತ ವಾಕ್ಯವೇ ಹೇಳಬೇಕು. ‘ಹೆಸರು ನಮಗೆ ತಿಳಿದುಬಂದಿಲ್ಲ’ ಅಂದರೆ ಸಾಕು. ಹೆಚ್ಚು ಕಡಿಮೆ ಅಷ್ಟೇ ಜಾಗ ತಿನ್ನುತ್ತದೆ.

ಇನ್ನೊಂದು ಗಮನಿಸಿ. ಕರಡಿನಲ್ಲಿ ಮೇಷ್ಟ್ರುಗಳೆಲ್ಲ ‘ಕುಳಿತಿರುವವರು’. ಅಂಚಿನಲ್ಲಿರುವವರು ಮಾತ್ರ ‘ನಿಂತಿರುವವನು’. ಬೇಕಂತ ಬರೆದದ್ದಲ್ಲ ಅಂತ ಗೊತ್ತು, ಕೈ ಹಾಗೆ ರೂಢಿಯಾಗಿದೆ. ಕನ್ನಡದಲ್ಲಿ ಗೌರವ ಇರುವುದೂ ಕಳೆಯುವುದೂ ಆ ಕೊನೆಯ ಒಂದು ಅಕ್ಷರದಲ್ಲಿ. ಹೆಸರಿರುವವರಿಗೆ ‘ವರು’ ಕೊಟ್ಟು ಹೆಸರಿಲ್ಲದವರಿಗೆ ‘ವನು’ ಕೊಟ್ಟರೆ ಓದುವವರಿಗೆ ತಟ್ಟನೆ ತಿಳಿಯುತ್ತದೆ. ಮಕ್ಕಳೂ ಸೇರಿ ಎಲ್ಲರಿಗೂ ‘ವರು’ ಇರಲಿ. ಆ ಮಕ್ಕಳಿಗೆ ಈಗ ಅರವತ್ತು ದಾಟಿದೆ.

‘ದಿ.’ ಹಾಕಬೇಡಿ, ಯಾರಿಗೂ. ಹಾಕಿದರೆ ಎಲ್ಲರದೂ ವಿಚಾರಿಸಬೇಕು. ಒಬ್ಬರದು ತಪ್ಪಿದರೆ ಬದುಕಿರುವವರಿಗೆ ‘ದಿ.’ ಅಂಟುತ್ತದೆ. ಫೋಟೊ ತೆಗೆದ ದಿನ ಎಲ್ಲರೂ ಇದ್ದರಲ್ಲ.

ನಂಬರ್ 20ಕ್ಕೆ ಬರೋಣ. ಹಿಂದಿನ ಸಾಲಿನ ಬಲ ಅಂಚು. ಮಕ್ಕಳಿಂದ ಒಂದು ಮೊಳ ದೂರ ನಿಂತಿದ್ದಾರೆ, ಫೋಟೊಗೆ ಸೇರಲೋ ಬೇಡವೋ ಅನ್ನುವಂತೆ. ಹೆಗಲ ಮೇಲೆ ಟವೆಲ್. ಅಡ್ಡಹೆಸರು ಹಾಕಬಾರದು ಅನ್ನುವುದರಲ್ಲಿ ನಿಮಗೆ ಅನುಮಾನವೇ ಇಲ್ಲ, ಸರಿ. ಸಮಿತಿಯ ಒಬ್ಬರು ‘ಊರಲ್ಲಿ ಎಲ್ಲರೂ ಪ್ರೀತಿಯಿಂದ ಹಾಗೇ ಕರೀತಿದ್ದದ್ದು’ ಅಂದರಂತೆ. ಪ್ರೀತಿ ಇತ್ತೋ ಇಲ್ಲವೋ ಅವರೇ ಹೇಳಬೇಕಿತ್ತು. ಅವರ ಮನೆಯವರು ಬಂದು ‘ನಮ್ಮಜ್ಜನಿಗೆ ಆ ಹೆಸರೇ ಇರಲಿ’ ಅಂದರೆ ಮಾತು ಬೇರೆ. ಅಲ್ಲಿಯವರೆಗೆ ಅದು ಅಚ್ಚಿಗೆ ಹೋಗಬಾರದು. ಕೇರಿಯ ಹೆಸರು, ಜಾತಿಯ ಹೆಸರು ಹಿಡಿದು ಗುರುತು ಹೇಳುವುದೂ ಅಷ್ಟೇ. ದಾಖಲಾತಿ ಪುಸ್ತಕದಲ್ಲಿ ಮಕ್ಕಳ ಜಾತಿಯ ಕಾಲಂ ಕೂಡ ಇರುತ್ತದೆ. ಹೆಸರು ನಕಲು ಮಾಡಿಕೊಳ್ಳುವಾಗ ಆ ಕಾಲಂ ಮುಟ್ಟಬೇಡಿ.

ಹಾಗಾದರೆ ಏನು ಬರೆಯುವುದು? ಕರಡಿನಲ್ಲಿ ‘ಜವಾನ’ ಅಂತಿದೆ. ಹೇಗೆ ಗೊತ್ತಾಯಿತು? ಟವೆಲ್ ನೋಡಿ ತಾನೇ? ಬಟ್ಟೆ ನೋಡಿ ಕೆಲಸ ಊಹಿಸಬಾರದು. ಮಗುವನ್ನು ಕರೆದುಕೊಂಡು ಹೋಗಲು ಬಂದ ಅಪ್ಪನೂ ಟವೆಲ್ ಹಾಕಿಕೊಂಡೇ ಬರುತ್ತಾರೆ. ಆದರೆ ನಿಮ್ಮ ಟಿಪ್ಪಣಿಯಲ್ಲೇ ಇನ್ನೊಂದು ವಿಷಯ ಇದೆ, ನೀವು ಅದಕ್ಕೆ ಬೆಲೆ ಕೊಟ್ಟಿಲ್ಲ. ಮೂವರು ಬೇರೆ ಬೇರೆಯಾಗಿ, ‘ಇವರೇ ಗಂಟೆ ಹೊಡೀತಿದ್ದದ್ದು, ರೈಲು ಹಳಿ ತುಂಡಿಗೆ’ ಅಂದಿದ್ದಾರೆ. ಅದು ನೋಡಿದವರ ಮಾತು. ‘ಶಾಲೆಯ ಗಂಟೆ ಹೊಡೆಯುತ್ತಿದ್ದವರು’ ಅಂತ ಬರೆದರೆ ಸಾಕ್ಷಿಯೂ ಇದೆ, ಓದಿದವರ ಕಿವಿಯಲ್ಲಿ ಆ ಗಂಟೆಯೂ ಒಮ್ಮೆ ಕೇಳುತ್ತದೆ.

ಹೆಸರು ಹುಡುಕುವುದನ್ನು ಮಾತ್ರ ಇಷ್ಟಕ್ಕೇ ಬಿಡಬೇಡಿ. ನೀವು ಇದುವರೆಗೆ ಕೇಳಿದ್ದೆಲ್ಲ ಊರ ನಡುವಿನ ಮನೆಗಳಲ್ಲಿ, ಹಳೇ ವಿದ್ಯಾರ್ಥಿಗಳನ್ನು. ಅವರಿಗೆ ಅಡ್ಡಹೆಸರಷ್ಟೇ ಗೊತ್ತು. 20ನೆಯವರು ವಾಸವಿದ್ದ ಓಣಿಗೆ ಸಂಜೆ ಹೊತ್ತು ಪ್ರಿಂಟ್ ಹಿಡಿದು ಹೋಗಿ. ಅಡ್ಡಹೆಸರು ಹೇಳಬೇಡಿ. ಫೋಟೊ ಕೊಟ್ಟು ‘ಈ ಅಜ್ಜನ ಮನೆಯವರು ಯಾರಾದ್ರೂ ಇದಾರಾ?’ ಅಂತ ಕೇಳಿ.

ಹೆಸರು ಗೊತ್ತಿದ್ದೂ ಕೆಲವರು ‘ನನ್ನದು ಹಾಕಬೇಡಿ’ ಅಂದಾರು. ಕಾರಣ ಕೇಳದೆ ಒಪ್ಪಿಕೊಳ್ಳಿ. ಆದರೆ ಅಲ್ಲಿ ‘ತಿಳಿದುಬಂದಿಲ್ಲ’ ಅಂತ ಬರೆಯಬೇಡಿ, ಅದು ಸುಳ್ಳಾಗುತ್ತದೆ. ‘ಹೆಸರು ಇಲ್ಲಿ ಕೊಟ್ಟಿಲ್ಲ’ ಅನ್ನಿ.

ಊರಿನ ವಿಳಾಸದಲ್ಲೂ ಒಂದು ಸಣ್ಣ ಎಡವಟ್ಟಿದೆ. ಕರಡಿನಲ್ಲಿ ‘ದಾವಣಗೆರೆ ಜಿಲ್ಲೆ, 1971’ ಅಂತಿದೆ. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಫೋಟೊ ತೆಗೆದಾಗ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ರಾಜ್ಯದ ಹೆಸರೂ ಮೈಸೂರು. ಕರ್ನಾಟಕ ಅಂತ ಆದದ್ದು 1973ರ ನವೆಂಬರ್ 1ಕ್ಕೆ. ‘ಆಗಿನ ಚಿತ್ರದುರ್ಗ ಜಿಲ್ಲೆ’ ಅಂದರೆ ಹಳೇ ದಾಖಲೆ ಹುಡುಕುವವರಿಗೂ ದಾರಿ ಸಿಗುತ್ತದೆ.

ಇಷ್ಟನ್ನೂ ಸೇರಿಸಿದರೆ ಹೀಗಾಗುತ್ತದೆ. ನಿಮ್ಮ ಊರವರ ಹೆಸರುಗಳನ್ನು ಇಲ್ಲಿ ಹಾಕುವುದು ಸರಿಯಲ್ಲ, ಅವುಗಳ ಜಾಗದಲ್ಲಿ ಅಕ್ಷರ ಇಟ್ಟಿದ್ದೇನೆ.

> ನಮ್ಮ ಶಾಲೆಯ 7ನೇ ತರಗತಿ, 1970–71. ಜಗಳೂರು ತಾಲ್ಲೂಕು, ಆಗಿನ ಚಿತ್ರದುರ್ಗ ಜಿಲ್ಲೆ. ನೋಡುವವರ ಎಡದಿಂದ, ನೆಲದ ಮೇಲೆ ಕುಳಿತವರು: 1 ಕ, 2 ಖ, 3 ಗ, 4 ಹೆಸರು ನಮಗೆ ತಿಳಿದುಬಂದಿಲ್ಲ, 5 ಘ, 6 ಚ. ಕುರ್ಚಿಯಲ್ಲಿ ಕುಳಿತವರು: 7 ಛ, 8 ಜ, 9 ಝ (ಮುಖ್ಯ ಶಿಕ್ಷಕರು), 10 ರುಮಾಲು ಸುತ್ತಿದ ಹಿರಿಯರು, ಹೆಸರು ಖಚಿತವಾಗಿಲ್ಲ, 11 ಬಹುಶಃ ಮ (ಶಿಕ್ಷಕಿ). ನಿಂತವರು: 12 ಟ, 13 ಠ, 14 ಡ, 15 ಹೆಸರು ನಮಗೆ ತಿಳಿದುಬಂದಿಲ್ಲ, 16 ಢ, 17 ತ, 18 ಬ, 19 ಥ, 20 ಶಾಲೆಯ ಗಂಟೆ ಹೊಡೆಯುತ್ತಿದ್ದವರು, ಹೆಸರು ನಮಗೆ ತಿಳಿದುಬಂದಿಲ್ಲ. ಗುರುತು ಹಿಡಿದವರು ಶಾಲೆಯ ಕಚೇರಿಗೆ ತಿಳಿಸಿ.

‘ನೋಡುವವರ ಎಡದಿಂದ’ ಅನ್ನುವುದನ್ನು ಬಿಡಬೇಡಿ. ಬರೀ ‘ಎಡದಿಂದ’ ಅಂದರೆ ಕೂತವರ ಎಡವೋ ನಮ್ಮ ಎಡವೋ ಅಂತ ತಿರುಗಿಸಿ ಎಣಿಸುವವರು ಇದ್ದೇ ಇರುತ್ತಾರೆ. ಬಟರ್ ಪೇಪರಿನ ನಂಬರ್ ಚಿತ್ರವನ್ನು ಬೆಂಕಿಪೊಟ್ಟಣದಷ್ಟು ಸಣ್ಣದಾಗಿ ಪಕ್ಕದಲ್ಲಿ ಹಾಕಿದರೆ ಆ ತಂಟೆಯೂ ಇರುವುದಿಲ್ಲ. ಉದ್ದ ಜಾಸ್ತಿಯಾಯಿತು ಅಂತ ಸಮಿತಿಯವರು ಗೊಣಗಬಹುದು. 20 ಜನರಿಗೆ ಇಷ್ಟು ಬೇಕೇ ಬೇಕು. ಅಕ್ಷರ ಒಂದು ಪಾಯಿಂಟ್ ಸಣ್ಣದು ಮಾಡಲಿ.

ಅಚ್ಚಿಗೆ ಕೊಡುವ ಮೊದಲು ಹದಿನೈದು ದಿನ ನಂಬರ್ ಇರುವ ದೊಡ್ಡ ಪ್ರಿಂಟನ್ನು ಶಾಲೆಯ ನೋಟಿಸ್ ಬೋರ್ಡಿಗೆ ಹಾಕಿ, ಹೆಸರುಗಳಿಲ್ಲದೆ. ಪಕ್ಕದಲ್ಲಿ ಒಂದು ಡಬ್ಬ, ಒಂದಿಷ್ಟು ಚೀಟಿ. ಹೆಸರು ಬರೆದು ಹಾಕಿದರೆ ಜನ ಅದನ್ನೇ ಓದಿ ಹೌದು ಅನ್ನುತ್ತಾರೆ. ವಾಟ್ಸ್‌ಆ್ಯಪ್ ಗ್ರೂಪಿಗೆ ಬಿಡುವುದಾದರೆ ಫೋಟೊದ ಕೆಳಗೆ ಬಿಳಿ ಪಟ್ಟಿ ಸೇರಿಸಿ ಅಡಿಬರಹವನ್ನು ಅದರೊಳಗೇ ಬರೆಸಿ. ಬೇರೆ ಮೆಸೇಜಾಗಿ ಕಳಿಸಿದರೆ ಎರಡನೇ ಫಾರ್ವರ್ಡಿಗೆ ಫೋಟೊ ಒಂದು ದಾರಿ, ಹೆಸರು ಒಂದು ದಾರಿ.

ಕೊನೆಗೆ ಡಿಟಿಪಿಯವರ ಮೇಲೆ ಒಂದು ಕಣ್ಣಿರಲಿ. ಪುಟದ ಅಗಲಕ್ಕೆ ಹೊಂದಿಸುವಾಗ ಅವರ ಕೈ ಮೊದಲು ಹೋಗುವುದು ಫೋಟೊದ ಎರಡೂ ಅಂಚಿಗೆ. ಪ್ರೂಫ್ ಬಂದ ಕೂಡಲೇ ಬಲಗಡೆ ನೋಡಿ. 20ನೆಯವರ ಟವೆಲ್ ಹಾಕಿದ ಹೆಗಲು ಪೂರ್ತಿ ಕಾಣದಿದ್ದರೆ ವಾಪಸ್ ಕಳಿಸಿ, ಫೋಟೊ ಎಷ್ಟು ಬೇಕೋ ಅಷ್ಟು ಸಣ್ಣದಾಗಲಿ.